ಎರವಲು ಒಡವೆ ಕಳೆದಾಗ: ಗೆಳತಿಗೆ ಹೇಳುವ ಬಗೆ, ಸರಿಪಡಿಸುವ ಲೆಕ್ಕ

ಮದುವೆ, ಸೀಮಂತ, ಗೃಹಪ್ರವೇಶಗಳಿಗೆ ಗೆಳತಿಯ ಒಡವೆ ಕೇಳಿ ಹಾಕಿಕೊಳ್ಳುವುದು ಕರ್ನಾಟಕದ ಹಳ್ಳಿ ಪಟ್ಟಣಗಳೆರಡರಲ್ಲೂ ಇರುವ ರೂಢಿ. ಕೊಡುವಾಗ ಯಾರೂ ತೂಕ ಹಾಕುವುದಿಲ್ಲ, ಚೀಟಿ ಬರೆದುಕೊಳ್ಳುವುದಿಲ್ಲ. ಡಬ್ಬಿ ಸಮೇತ ಕೈಗಿಟ್ಟು, 'ಹುಷಾರು ಕಣೇ' ಎಂದರೆ ಮುಗಿಯಿತು. ಒಡವೆ ಹಾಗೆಯೇ ವಾಪಸು ಬಂದರೆ ತೂಕವೂ ಚೀಟಿಯೂ ಬೇಕಾಗುವುದಿಲ್ಲ. ಕಳೆದುಹೋದರೆ ಅಥವಾ ಮುರಿದರೆ ಮಾತ್ರ ಒಮ್ಮೆಲೇ ಹಲವು ಪ್ರಶ್ನೆಗಳು ಏಳುತ್ತವೆ. ಯಾವಾಗ ಹೇಳಬೇಕು, ಏನೆಂದು ಹೇಳಬೇಕು, ಎಷ್ಟು ಕೊಡಬೇಕು, ಗೆಳತಿ 'ಬೇಡ' ಎಂದರೆ ಏನು ಮಾಡಬೇಕು?

ಕ್ಷಮೆಯ ಮಾತು ಕಷ್ಟವಾದರೂ ಹೇಗೋ ಬಾಯಿಗೆ ಬರುತ್ತದೆ. ಹೆಚ್ಚಿನವರು ಎಡವುವುದು ಅದರ ಮುಂದಿನ ಹೆಜ್ಜೆಯಲ್ಲಿ. 'ಎಷ್ಟಾಗುತ್ತೆ ಹೇಳು, ಕೊಟ್ಟುಬಿಡ್ತೀನಿ' ಎನ್ನುವುದು ಸಾಮಾನ್ಯ. ಈ ಮಾತು ಬೆಲೆ ಹೇಳುವ ಹೊರೆಯನ್ನು ಒಡವೆ ಕಳೆದುಕೊಂಡವಳ ತಲೆಗೇ ಹೊರಿಸುತ್ತದೆ. ಗೆಳತಿಯ ಮುಂದೆ ಕೂತು ಲಕ್ಷದ ಲೆಕ್ಕ ಹೇಳಲು ದಾಕ್ಷಿಣ್ಯ ಬಿಡುವುದಿಲ್ಲ. 'ಅಯ್ಯೋ, ಬಿಡು' ಎಂದುಬಿಡುತ್ತಾಳೆ. ಮಾತು ಅಲ್ಲಿಗೆ ನಿಲ್ಲುತ್ತದೆ, ಮನಸ್ತಾಪ ಅಲ್ಲಿಂದ ಶುರುವಾಗುತ್ತದೆ. ಹಾಗಾಗಿ ಲೆಕ್ಕ ಹಾಕುವ ಕೆಲಸ ಎರವಲು ಪಡೆದವಳದೇ. ಅದನ್ನು ಹಾಕುವುದು ಹೇಗೆಂದು ಒಂದು ಜೊತೆ ಜುಮುಕಿಯ ಉದಾಹರಣೆ ಇಟ್ಟುಕೊಂಡು ನೋಡಬಹುದು.

ಹುಡುಕಾಟ ಮತ್ತು ಸುದ್ದಿ

ಗೆಳತಿಯೊಬ್ಬಳಿಂದ ಓಲೆ-ಜುಮುಕಿಯ ಜೊತೆಯೊಂದನ್ನು ಪಡೆದವಳು ಅದನ್ನು ತಂಗಿಯ ಮದುವೆಗೆ ಹಾಕಿಕೊಂಡಿದ್ದಾಳೆ ಎಂದಿಟ್ಟುಕೊಳ್ಳೋಣ. ಮಧ್ಯಾಹ್ನ ಊಟದ ಹೊತ್ತಿಗೆ ಎಡಗಿವಿ ಖಾಲಿಯಾಗಿರುವುದು ಗೊತ್ತಾಗುತ್ತದೆ. ಮೊದಲು ಕಿವಿಯಲ್ಲಿ ಏನು ಉಳಿದಿದೆ ಎಂದು ನೋಡಬೇಕು. ಓಲೆ ಕಿವಿಯಲ್ಲೇ ಇದ್ದು ಕೆಳಗಿನ ಜುಮುಕಿ ಮಾತ್ರ ಹೋಗಿದ್ದರೆ ಎರಡನ್ನೂ ಕೂಡಿಸುವ ಕೊಂಡಿ ಸವೆದಿದೆ ಅಥವಾ ಬಾಯಿ ಬಿಟ್ಟಿದೆ. ಓಲೆ ಸಮೇತ ಹೋಗಿದ್ದರೆ ಹಿಂದಿನ ತಿರುಪು ಸಡಿಲವಾಗಿ ಬಿಚ್ಚಿಕೊಂಡಿದೆ. ಈ ವ್ಯತ್ಯಾಸ ಹುಡುಕುವುದಕ್ಕೂ ಬೇಕು, ಮುಂದೆ ಗೆಳತಿಗೆ ನಡೆದದ್ದನ್ನು ನಿಜವಾಗಿ ಹೇಳುವುದಕ್ಕೂ ಬೇಕು.

ಈ ಉದಾಹರಣೆಯಲ್ಲಿ ಓಲೆ ಸಮೇತ ಹೋಗಿದೆ. ಎಲ್ಲಿ ಹುಡುಕಬೇಕು ಎನ್ನುವುದನ್ನು ಮದುವೆಯ ಫೋಟೋಗಳೇ ಹೇಳುತ್ತವೆ. ಛಾಯಾಗ್ರಾಹಕರ ಕ್ಯಾಮೆರಾದ ಗಡಿಯಾರ ತಪ್ಪಿರಬಹುದು, ಆದರೆ ಚಿತ್ರಗಳ ಕ್ರಮ ತಪ್ಪುವುದಿಲ್ಲ. ಧಾರೆಯ ಚಿತ್ರದಲ್ಲಿ ಎರಡೂ ಕಿವಿಯಲ್ಲಿ ಜುಮುಕಿ ಇದೆ. ನೆಂಟರೆಲ್ಲ ನಿಂತು ತೆಗೆಸಿಕೊಂಡ ಗುಂಪಿನ ಚಿತ್ರದಲ್ಲಿ ಒಂದೇ ಇದೆ. ನಡುವೆ ಆಕೆ ಕೋಣೆಗೆ ಹೋಗಿ ಸೀರೆ ಬದಲಾಯಿಸಿದ್ದಳು. ಆ ಕೋಣೆಯ ಮೂಲೆಯಲ್ಲಿ ತಿರುಪು ಸಿಗುತ್ತದೆ, ಜುಮುಕಿ ಸಿಗುವುದಿಲ್ಲ. ಬಿಚ್ಚಿಟ್ಟ ಸೀರೆಯ ನೆರಿಗೆ, ಸೆರಗಿಗೆ ಹಾಕಿದ ಪಿನ್ನು, ಜಡೆಗೆ ಮುಡಿದ ಹೂವು, ಕೋಣೆಯಿಂದ ಗುಡಿಸಿ ತೆಗೆದ ಕಸ, ಬಂದ ಕಾರಿನ ಸೀಟಿನ ಸಂದು ಎಲ್ಲವನ್ನೂ ನೋಡಿದ ಮೇಲೂ ಸಿಗದಿದ್ದರೆ ಸುದ್ದಿ ಹೇಳುವ ಹೊತ್ತು ಬಂದಂತೆ.

'ಇನ್ನೆರಡು ದಿನ ಹುಡುಕಿ ನೋಡೋಣ, ಸಿಕ್ಕಿದರೆ ಹೇಳುವುದೇ ಬೇಡ' ಎಂಬ ಯೋಚನೆ ಸಹಜವಾಗಿ ಬರುತ್ತದೆ. ಅದರಿಂದ ಎರಡು ನಷ್ಟ. ಒಡವೆಯ ಗುರುತು ಒಡತಿಗೇ ಹೆಚ್ಚು ಗೊತ್ತು. ಅದರ ಫೋಟೋ, ಬಿಲ್ಲು, ಕೊಂಡ ಅಂಗಡಿಯ ಹೆಸರು ಅವಳಲ್ಲೇ ಇರುತ್ತವೆ, ಹುಡುಕುವವರಿಗೆ ಮೊದಲ ದಿನ ಬೇಕಾಗುವುದು ಅವೇ. ಎರಡನೆಯದು ಇನ್ನೂ ದೊಡ್ಡದು. ಮೂರನೆಯ ದಿನ ಬೇರೆಯವರ ಬಾಯಿಂದ ಸುದ್ದಿ ತಲುಪಿದರೆ ಜುಮುಕಿ ಹೋದದ್ದಕ್ಕಿಂತ ಮುಚ್ಚಿಟ್ಟದ್ದು ಹೆಚ್ಚು ನೋಯಿಸುತ್ತದೆ. ಕಳೆದ ದಿನವೇ, ರಾತ್ರಿಯೊಳಗೆ ಹೇಳಿಬಿಡುವುದು ಸರಿ. ವಾಟ್ಸ್ಯಾಪ್‌ನಲ್ಲಿ ಬರೆದು ಕಳಿಸುವ ಸುದ್ದಿಯಲ್ಲ ಇದು. ಅದೇ ಊರಾದರೆ ಮನೆಗೆ ಹೋಗಬೇಕು, ಬೇರೆ ಊರಾದರೆ ಫೋನು ಮಾಡಬೇಕು.

ಕಳವಿನ ಅನುಮಾನ ಗಟ್ಟಿಯಾಗಿದ್ದರೆ ಠಾಣೆಗೆ ದೂರು ಕೊಡುವ ವಿಚಾರ ಬರುತ್ತದೆ. ಒಡವೆ ಗೆಳತಿಯದಾದ್ದರಿಂದ ಅವಳಿಗೆ ತಿಳಿಸಿಯೇ ಆ ಹೆಜ್ಜೆ ಇಡಬೇಕು. ಆಧಾರವಿಲ್ಲದೆ ಮಂಟಪದ ಕೆಲಸದವರ ಮೇಲೋ ಅಡುಗೆಯವರ ಮೇಲೋ ಗೂಬೆ ಕೂರಿಸಬಾರದು. ಅದು ಒಂದು ತಪ್ಪನ್ನು ಮುಚ್ಚಲು ಮಾಡುವ ಇನ್ನೊಂದು ತಪ್ಪಾಗುತ್ತದೆ.

ಮೊದಲ ಮಾತಿನಲ್ಲಿ ಏನಿರಬೇಕು

ಕ್ಷಮಾಪಣೆಯಲ್ಲಿ ಯಾವ ಭಾಗ ಕೇಳುವವರ ಮನಸ್ಸಿಗೆ ತಟ್ಟುತ್ತದೆ ಎಂಬುದರ ಬಗ್ಗೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅವರು ಕ್ಷಮಾಪಣೆಯನ್ನು ಆರು ಭಾಗ ಮಾಡಿದರು: ವಿಷಾದ, ನಡೆದದ್ದರ ವಿವರಣೆ, ತಪ್ಪಿನ ಒಪ್ಪಿಗೆ, ಪಶ್ಚಾತ್ತಾಪ, ಸರಿಪಡಿಸುವ ಮಾತು, ಕ್ಷಮಿಸೆಂಬ ಕೋರಿಕೆ. ಜನ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟದ್ದು ತಪ್ಪಿನ ಒಪ್ಪಿಗೆಗೆ, ಅದರ ನಂತರ ಸರಿಪಡಿಸುವ ಮಾತಿಗೆ. ಎಲ್ಲಕ್ಕಿಂತ ಕಡಿಮೆ ಬೆಲೆ ಸಿಕ್ಕಿದ್ದು ಕ್ಷಮಿಸೆಂಬ ಕೋರಿಕೆಗೆ.

ಒಡವೆಯ ವಿಷಯದಲ್ಲಿ ಇದನ್ನು ಹೀಗೆ ಅನ್ವಯಿಸಬಹುದು. 'ನಿನ್ನ ಜುಮುಕೀಲಿ ಒಂದು ಕಳೆದುಹೋಗಿದೆ ಕಣೇ. ಸೀರೆ ಬದಲಾಯಿಸೋವಾಗ ತಿರುಪು ಬಿಚ್ಚಿಕೊಂಡಿದೆ. ಹಾಕಿಕೊಂಡ ಮೇಲೆ ಒಂದ್ಸಲ ಮುಟ್ಟಿ ನೋಡಬೇಕಿತ್ತು, ನೋಡ್ಲಿಲ್ಲ. ನನ್ನದೇ ತಪ್ಪು. ಕೋಣೆ, ಕಾರು, ಕಸ ಎಲ್ಲಾ ಹುಡುಕಿದ್ದೀವಿ, ತಿರುಪು ಮಾತ್ರ ಸಿಕ್ಕಿದೆ. ಇನ್ನೂ ಹುಡುಕ್ತಿದ್ದೀವಿ. ಸಿಗದಿದ್ರೆ ಅದನ್ನ ಸರಿಮಾಡಿಕೊಡೋದು ನನ್ನ ಜವಾಬ್ದಾರಿ. ಈಗಲೇ ನೀನೇನೂ ಹೇಳಬೇಕಾಗಿಲ್ಲ, ಭಾನುವಾರ ಮನೆಗೆ ಬರ್ತೀನಿ.' ಇಲ್ಲಿ ಮೊದಲ ವಾಕ್ಯದಲ್ಲೇ ಸುದ್ದಿ ಇದೆ. ಮದುವೆಯ ಗಡಿಬಿಡಿ, ನೆಂಟರ ಗಲಾಟೆ, ನಿದ್ದೆಯಿಲ್ಲದ ರಾತ್ರಿಗಳ ಪೀಠಿಕೆ ಇಲ್ಲ. 'ಹೇಗೆ ಹೋಯ್ತೋ ಗೊತ್ತಿಲ್ಲ' ಎನ್ನುವ ಬದಲು ತಾನು ಮಾಡಬೇಕಿದ್ದು ಮಾಡದೆ ಬಿಟ್ಟದ್ದೇನು ಎಂಬುದಿದೆ. ಭಾನುವಾರ ಎಂಬ ದಿನವಿದೆ.

ಕೆಲವು ಮಾತುಗಳು ಒಳ್ಳೆಯ ಮನಸ್ಸಿನಿಂದ ಬಂದರೂ ಕೆಡಿಸುತ್ತವೆ. 'ಅದಕ್ಕಿಂತ ಚೆನ್ನಾಗಿರೋದು ಕೊಡಿಸ್ತೀನಿ' ಎಂದರೆ ಕಳೆದದ್ದು ಅಷ್ಟೇನೂ ಚೆನ್ನಾಗಿರಲಿಲ್ಲ ಎಂದಂತಾಗುತ್ತದೆ. 'ತಿರುಪು ಮೊದಲೇ ಸಡಿಲ ಇತ್ತು ಅನ್ಸುತ್ತೆ' ಎಂದರೆ ತಪ್ಪು ಅರ್ಧ ದಾರಿ ದಾಟಿ ಗೆಳತಿಯ ಕಡೆಗೆ ಹೋಗುತ್ತದೆ. ಸಡಿಲವಾಗಿದ್ದದ್ದು ನಿಜವೇ ಆದರೂ ಅದನ್ನು ಹೇಳಬೇಕಾದವಳು ಒಡತಿ. ಬಿಕ್ಕಿ ಬಿಕ್ಕಿ ಅಳುವುದರಲ್ಲೂ ಒಂದು ತೊಡಕಿದೆ: ಒಡವೆ ಕಳೆದುಕೊಂಡವಳೇ ಕಳೆದವಳನ್ನು ಸಮಾಧಾನ ಮಾಡುತ್ತ ಕೂರಬೇಕಾಗುತ್ತದೆ, ತನ್ನ ಬೇಸರ ಹೇಳಿಕೊಳ್ಳಲು ಅವಳಿಗೆ ಜಾಗವೇ ಉಳಿಯುವುದಿಲ್ಲ.

ಇನ್ನೊಂದು ವಿಷಯವನ್ನು ಆ ಹೊತ್ತಿಗೇ ಕೇಳಿಕೊಳ್ಳಬೇಕು. ಒಡವೆಗೆ ಅನೇಕ ವೇಳೆ ಒಡತಿಯೊಬ್ಬಳೇ ವಾರಸುದಾರಳಾಗಿರುವುದಿಲ್ಲ. ಅದು ಅತ್ತೆ ಕೊಟ್ಟದ್ದಿರಬಹುದು, ತವರಿನವರು ಮದುವೆಗೆ ಮಾಡಿಸಿದ್ದಿರಬಹುದು, ಗೆಳತಿಗೆ ಕೊಟ್ಟಿರುವುದು ಮನೆಯಲ್ಲಿ ಗೊತ್ತೇ ಇಲ್ಲದಿರಬಹುದು. ಹಾಗಿದ್ದರೆ ಅವಳಿಗೆ ಜುಮುಕಿಯ ಚಿಂತೆಗಿಂತ ಮನೆಯಲ್ಲಿ ಏನು ಹೇಳಬೇಕೆಂಬ ಚಿಂತೆ ದೊಡ್ಡದು. 'ಮನೇಲಿ ನಾನೇ ಬಂದು ಹೇಳಲಾ, ಇಲ್ಲ ನೀನು ಹೇಳೋವರೆಗೆ ಸುಮ್ಮನಿರಲಾ?' ಎಂದು ಕೇಳಿ ಅವಳು ಹೇಳಿದಂತೆ ನಡೆದುಕೊಳ್ಳಬೇಕು. ಅವಳ ಅತ್ತೆಯ ಮುಂದೆ ಕೂತು 'ತಪ್ಪು ನನ್ನದು ಆಂಟಿ, ಅವಳನ್ನು ಏನೂ ಅನ್ನಬೇಡಿ' ಎನ್ನಲು ತಯಾರಿದ್ದರೆ ಅದಕ್ಕೆ ಹಣಕ್ಕಿಂತ ಹೆಚ್ಚಿನ ಬೆಲೆಯಿದೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಗೆಳೆತನದ ನಡುವೆ ಯಾರೂ ಕೋರ್ಟಿನ ಮಾತೆತ್ತುವುದಿಲ್ಲ. ಆದರೂ ಹೊಣೆ ಯಾರದು ಎಂದು ಯೋಚಿಸುವಾಗ ಕಾನೂನಿನ ದೃಷ್ಟಿ ನೆರವಾಗುತ್ತದೆ. ಒಬ್ಬರ ವಸ್ತುವನ್ನು ಇನ್ನೊಬ್ಬರು ಒಂದು ಉದ್ದೇಶಕ್ಕೆ ಪಡೆದು, ಅದು ಮುಗಿದ ಮೇಲೆ ಹಿಂದಿರುಗಿಸುವ ಏರ್ಪಾಡನ್ನು 1872ರ ಭಾರತೀಯ ಕರಾರು ಕಾಯ್ದೆ ಬೇಲ್‌ಮೆಂಟ್ ಎಂದು ಕರೆಯುತ್ತದೆ. ಬಾಡಿಗೆ ಇಲ್ಲದ ಎರವಲೂ ಇದರೊಳಗೇ ಬರುತ್ತದೆ. ಕಾಯ್ದೆಯ 151 ಮತ್ತು 152ನೇ ಕಲಮುಗಳ ಪ್ರಕಾರ, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನದೇ ಅಂಥ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ವಹಿಸಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಪಡೆದವರು ನಷ್ಟಕ್ಕೆ ಹೊಣೆಯಲ್ಲ.

ಈ ರಕ್ಷಣೆ ತಪ್ಪುವ ಎರಡು ಸಂದರ್ಭಗಳು ಒಡವೆಯ ವಿಷಯದಲ್ಲಿ ಮತ್ತೆ ಮತ್ತೆ ಬರುತ್ತವೆ. ಒಂದು, ಹೇಳಿದ್ದಕ್ಕಿಂತ ಬೇರೆ ಬಗೆಯಲ್ಲಿ ಬಳಸಿದ್ದು. ಇದಕ್ಕೆ 154ನೇ ಕಲಮು ಕೊಡುವ ಉದಾಹರಣೆ ಕುದುರೆಯದು: ಸ್ವಂತ ಸವಾರಿಗೆಂದು ಎರವಲು ತಂದ ಕುದುರೆಯನ್ನು ಮನೆಯವರೊಬ್ಬರಿಗೆ ಕೊಟ್ಟಾಗ, ಆ ಸವಾರ ಎಷ್ಟೇ ಜಾಗ್ರತೆ ವಹಿಸಿದ್ದರೂ ಕುದುರೆ ಬಿದ್ದು ಗಾಯಗೊಂಡರೆ ಎರವಲು ತಂದವನೇ ಹೊಣೆ. ತಾನು ಹಾಕಿಕೊಳ್ಳುತ್ತೇನೆಂದು ಜುಮುಕಿ ತಂದು ತಂಗಿಗೆ ಹಾಕಿದರೂ ಇದೇ ಮಾತು. ಇನ್ನೊಂದು, ತಡ ಮಾಡಿದ್ದು. ಕೊಡಬೇಕಾದ ಹೊತ್ತಿಗೆ ತನ್ನ ತಪ್ಪಿನಿಂದ ವಾಪಸು ಕೊಡದಿದ್ದರೆ ಆಮೇಲೆ ಆಗುವ ನಷ್ಟಕ್ಕೆ ಇಟ್ಟುಕೊಂಡವರೇ ಹೊಣೆ ಎಂದು 161ನೇ ಕಲಮು ಹೇಳುತ್ತದೆ. 'ಮುಂದಿನ ವಾರ ಇನ್ನೊಂದು ಆರತಕ್ಷತೆ ಇದೆ, ಅದನ್ನೂ ಮುಗಿಸಿ ಕೊಟ್ಟರಾಯಿತು' ಎಂದು ಕೇಳದೆ ಇಟ್ಟುಕೊಂಡಾಗ ಕಳೆದರೆ ಜಾಗ್ರತೆಯ ವಾದ ನಡೆಯುವುದಿಲ್ಲ. ಇಂಥ ತಪ್ಪು ನಡೆದಿದ್ದರೆ ಕ್ಷಮೆ ಕೇಳುವಾಗ ಅದನ್ನೂ ಬಾಯಿಬಿಟ್ಟು ಹೇಳಬೇಕು.

ಒಡವೆ ಕೊಟ್ಟವಳಿಗೂ ಕಾಯ್ದೆಯಲ್ಲಿ ಒಂದು ಕರ್ತವ್ಯವಿದೆ. ವಸ್ತುವಿನ ಬಳಕೆಗೆ ಅಡ್ಡಿಯಾಗುವ ಅಥವಾ ಅಪಾಯ ತರುವ ದೋಷ ತನಗೆ ಗೊತ್ತಿದ್ದರೆ 150ನೇ ಕಲಮಿನಂತೆ ಅದನ್ನು ಕೊಡುವಾಗಲೇ ತಿಳಿಸಬೇಕು. ಗೆಳೆತನ ಮಾತ್ರ ಕಾನೂನಿಗಿಂತ ಹೆಚ್ಚನ್ನು ಕೇಳುತ್ತದೆ. ಎಷ್ಟು ಜಾಗ್ರತೆ ವಹಿಸಿದ್ದರೂ ಒಡವೆ ತಂದವಳ ಕೈಯಲ್ಲೇ ಕಳೆದದ್ದರಿಂದ ಅದನ್ನು ತುಂಬಿಕೊಡುವುದು ತನ್ನ ಕೆಲಸವೆಂದೇ ಆಕೆ ಹೊರಡಬೇಕು. ರಿಯಾಯಿತಿ ಕೊಡುವುದಿದ್ದರೆ ಕೊಡಬೇಕಾದವಳು ಒಡತಿ.

ಮೂರು ಬೆಲೆಗಳಲ್ಲಿ ಯಾವುದು

ಒಂದು ಒಡವೆಗೆ ಏಕಕಾಲಕ್ಕೆ ಮೂರು ಬೆಲೆ ಇರುತ್ತದೆ: ಕೊಂಡಾಗಿನ ಬೆಲೆ, ಈಗ ಮಾರಿದರೆ ಬರುವ ಬೆಲೆ, ಈಗ ಅಂಥದ್ದನ್ನೇ ಹೊಸದಾಗಿ ಮಾಡಿಸಲು ತಗಲುವ ಬೆಲೆ. ಗೆಳತಿಯನ್ನು ಮೊದಲಿದ್ದ ಸ್ಥಿತಿಗೆ ತರುವುದು ಮೂರನೆಯದು ಮಾತ್ರ. ಮೊದಲೆರಡರಲ್ಲಿ ಯಾವುದನ್ನು ಹಿಡಿದರೂ ಅವಳಿಗೆ ನಷ್ಟ. ಲೆಕ್ಕ ಹಾಕಿ ನೋಡಿದರೆ ಅದು ಎಷ್ಟು ಎಂದು ತಿಳಿಯುತ್ತದೆ.

ಕಳೆದ ಜುಮುಕಿಯ ತೂಕವನ್ನು ಉಳಿದ ಜುಮುಕಿಯಿಂದ ತಿಳಿಯಬಹುದು. ಗೆಳತಿಯ ಒಪ್ಪಿಗೆ ಪಡೆದು, ಸಾಧ್ಯವಾದರೆ ಅವಳನ್ನೂ ಕರೆದುಕೊಂಡು ಚಿನ್ನದ ಅಂಗಡಿಗೆ ಹೋಗಿ ತೂಕ ಹಾಕಿಸಬೇಕು. ತಿರುಪನ್ನೂ ಸೇರಿಸಿ ಒಟ್ಟು ತೂಕ 9 ಗ್ರಾಂ ಬಂತು, ಅದರಲ್ಲಿ ಕಲ್ಲು ಮತ್ತು ಮುತ್ತಿನ ತೂಕ 1 ಗ್ರಾಂ ಎಂದಿಟ್ಟುಕೊಂಡರೆ ಚಿನ್ನ 8 ಗ್ರಾಂ. ಒಟ್ಟು ತೂಕ ಬೇರೆ, ಚಿನ್ನದ ತೂಕ ಬೇರೆ. ಈ ಎರಡನ್ನು ಬೆರೆಸಿದರೆ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪುತ್ತದೆ.

ಶುದ್ಧತೆಯನ್ನೂ ಉಳಿದ ಜುಮುಕಿಯೇ ಹೇಳುತ್ತದೆ. ಈಚಿನ ಒಡವೆಯಾದರೆ ಓಲೆಯ ಹಿಂಬದಿಯಲ್ಲಿ ಬಿಐಎಸ್ ಗುರುತು, 22 ಕ್ಯಾರೆಟ್‌ಗೆ 22K916 ಎಂಬ ಮುದ್ರೆ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ್ದರಿಂದ ಅಂಗಡಿಯವರ ಭೂತಗನ್ನಡಿ ಬೇಕಾಗುತ್ತದೆ. ಆ ಸಂಖ್ಯೆಯನ್ನು BIS Care ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ಬಗೆ, ಶುದ್ಧತೆ ಮತ್ತು ಹಾಲ್‌ಮಾರ್ಕ್ ಹಾಕಿಸಿದ ಅಂಗಡಿಯ ವಿವರ ಸಿಗುತ್ತದೆ. ಎಚ್‌ಯುಐಡಿ ಬಂದದ್ದು 2021ರಲ್ಲಿ. ಅದಕ್ಕಿಂತ ಹಳೆಯ ಒಡವೆಯಲ್ಲಿ ಅದು ಇರುವುದಿಲ್ಲ, ಹಿಂದೆ ಅಕ್ಕಸಾಲಿಗರಲ್ಲಿ ಮಾಡಿಸಿದ್ದರಲ್ಲಿ ಯಾವ ಮುದ್ರೆಯೂ ಇಲ್ಲದಿರಬಹುದು. ಆಗ ಅಂಗಡಿಯ ಕ್ಯಾರೆಟ್ ಮೀಟರಿನಲ್ಲಿ ಪರೀಕ್ಷೆ ಮಾಡಿಸಬೇಕು. ಈ ಯಂತ್ರ ಚಿನ್ನವನ್ನು ಕೆರೆಯದೆ, ಕರಗಿಸದೆ ಶುದ್ಧತೆ ತೋರಿಸುತ್ತದೆ. ಅದು ನೋಡುವುದು ಮೇಲ್ಪದರವನ್ನು ಮಾತ್ರವಾದ್ದರಿಂದ ಬೆಸುಗೆಯ ಜಾಗ ಬಿಟ್ಟು ಎರಡು ಮೂರು ಕಡೆ ಇಟ್ಟು ನೋಡಿಸುವುದು ಒಳ್ಳೆಯದು.

ಇನ್ನು ರೂಪಾಯಿಯ ಲೆಕ್ಕ. ಸುಲಭಕ್ಕೆಂದು 22 ಕ್ಯಾರೆಟ್ ಚಿನ್ನಕ್ಕೆ ಗ್ರಾಂಗೆ 10,000 ರೂಪಾಯಿ ಎಂದು ಹಿಡಿದರೆ 8 ಗ್ರಾಂಗೆ 80,000. ಜುಮುಕಿಯಲ್ಲಿ ಕೈಕೆಲಸ ಹೆಚ್ಚು. ವೇಸ್ಟೇಜು, ಮಜೂರಿ ಸೇರಿ ನೂರಕ್ಕೆ 18 ಎಂದರೆ 14,400. ಕಲ್ಲು ಮುತ್ತಿಗೆ 1,600. ಮೂರೂ ಸೇರಿ 96,000. ಅದರ ಮೇಲೆ ನೂರಕ್ಕೆ 3ರಂತೆ ಜಿಎಸ್‌ಟಿ 2,880. ಒಟ್ಟು 98,880 ರೂಪಾಯಿ. ಅದೇ ಜುಮುಕಿಯನ್ನು ಹಳೆ ಚಿನ್ನವೆಂದು ಮಾರಲು ಹೋದರೆ ಮಜೂರಿ, ತೆರಿಗೆ, ಕಲ್ಲಿನ ಬೆಲೆ ಯಾವುದೂ ಬರುವುದಿಲ್ಲ, ಚಿನ್ನಕ್ಕೆ ಸಿಗುವುದು 80,000ದ ಒಳಗೇ. ಇನ್ನು 2012ರ ಬಿಲ್ಲು ತೆಗೆದು ಅದರಲ್ಲಿದ್ದಷ್ಟು ಕೊಟ್ಟರೆ ಅನ್ಯಾಯ ಇನ್ನೂ ದೊಡ್ಡದು. ಆ ವರ್ಷ 10 ಗ್ರಾಂ ಅಪರಂಜಿಯ ಬೆಲೆ 30,000 ರೂಪಾಯಿಯ ಆಸುಪಾಸಿನಲ್ಲಿತ್ತು, 2025ರಲ್ಲಿ ಅದು ಲಕ್ಷ ದಾಟಿತು.

ಇಷ್ಟು ಏರುವ ವಸ್ತುವಿನ ಸಾಲವನ್ನು ರೂಪಾಯಿಯಲ್ಲಿ ಬರೆದಿಡಬಾರದು, ಗ್ರಾಂನಲ್ಲಿ ಬರೆದಿಡಬೇಕು. '99 ಸಾವಿರ ಕೊಡಬೇಕು' ಎಂದು ಮಾತಾಗಿ ಒಂದು ವರ್ಷ ಕಳೆದು ಕೊಟ್ಟರೆ ಅಷ್ಟು ಹೊತ್ತಿಗೆ ಆ ಹಣಕ್ಕೆ ಜುಮುಕಿ ಬರದಿರಬಹುದು. '22 ಕ್ಯಾರೆಟ್ಟಿನ 8 ಗ್ರಾಂ ಚಿನ್ನ, ಮಾಡಿಸುವ ದಿನದ ಮಜೂರಿ ಮತ್ತು ತೆರಿಗೆ' ಎಂದು ಮಾತಾದರೆ ಬೆಲೆಯ ಏರಿಳಿತ ಎರವಲು ಪಡೆದವಳ ಪಾಲಿಗೆ ಬರುತ್ತದೆ. ಅದು ಬರಬೇಕಾದದ್ದೂ ಅಲ್ಲಿಗೇ.

ಆಯ್ಕೆಗಳನ್ನು ಮುಂದಿಡುವುದು

ಭಾನುವಾರದ ಭೇಟಿಗೆ ಈ ಲೆಕ್ಕ ಕೈಯಲ್ಲಿರಬೇಕು. ಅದನ್ನು ಒಂದೇ ತೀರ್ಮಾನವಾಗಿ ಹೇಳದೆ, ಆರಿಸಿಕೊಳ್ಳಲು ಬರುವಂತೆ ಹೇಳಬೇಕು. ಜುಮುಕಿಯ ವಿಷಯದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಉಳಿದದ್ದಕ್ಕೆ ಜೋಡಿ ಮಾಡಿಸುವುದು. ಹಳೆಯದರಲ್ಲಿ ನೆನಪು ಅಂಟಿಕೊಂಡಿದ್ದರೆ ಒಡತಿ ಇದನ್ನೇ ಇಷ್ಟಪಡಬಹುದು. ಮಾದರಿ ಇನ್ನೂ ಚಾಲ್ತಿಯಲ್ಲಿದ್ದರೆ ಕೊಂಡ ಅಂಗಡಿಯಲ್ಲೇ ಕೇಳಬಹುದು, ಇಲ್ಲವಾದರೆ ಕೈಕೆಲಸದ ಅಕ್ಕಸಾಲಿಗರೇ ಬೇಕು. ಇದರ ತೊಡಕು ಬಣ್ಣದ್ದು. 22 ಕ್ಯಾರೆಟ್ ಚಿನ್ನದಲ್ಲಿ ಸೇರಿರುವ ತಾಮ್ರ ಬೆಳ್ಳಿಗಳ ಪ್ರಮಾಣ ಬೇರೆಯಾದರೆ ಒಂದು ಕೆಂಪಗೆ, ಇನ್ನೊಂದು ಹಳದಿಯಾಗಿ ಕಾಣುತ್ತದೆ. ಬಳಸಿದ ಒಡವೆಯ ಹೊಳಪೂ ಹೊಸದರಂತೆ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಪಾಲಿಶ್ ಮಾಡಿಸಿದರೆ ವ್ಯತ್ಯಾಸ ಕಡಿಮೆಯಾಗುತ್ತದೆ, ಆದರೆ ಉಜ್ಜುವಾಗ ಹಳೆಯದರ ತೂಕ ಚೂರು ಇಳಿಯುತ್ತದೆ. ಆದ್ದರಿಂದ ಪಾಲಿಶ್‌ಗೆ ಕೊಡುವ ಮೊದಲೂ ಆಮೇಲೂ ತೂಕ ಹಾಕಿಸಿ, ಇಳಿದಷ್ಟನ್ನು ಲೆಕ್ಕಕ್ಕೆ ಸೇರಿಸಬೇಕು.

ಎರಡನೆಯದು, ಉಳಿದ ಜುಮುಕಿಯನ್ನು ಅಂಗಡಿಗೆ ಕೊಟ್ಟು ಹೊಸ ಜೊತೆ ಮಾಡಿಸುವುದು. ಇಲ್ಲಿ ಎರವಲು ಪಡೆದವಳು ಬರೀ ಕಳೆದ 8 ಗ್ರಾಂನ ಚಿನ್ನ ಕೊಟ್ಟರೆ ಸಾಲದು. ಹೊಸ ಜೊತೆಯ ಎರಡೂ ಜುಮುಕಿಗೆ ಮಜೂರಿ, ತೆರಿಗೆ ಬೀಳುತ್ತದೆ, ಹಳೆ ಚಿನ್ನ ಬದಲಾಯಿಸುವಾಗಿನ ಕಡಿತವೂ ಇರುತ್ತದೆ. ಇವೆಲ್ಲ ಒಂದು ಜುಮುಕಿ ಕಳೆದದ್ದರಿಂದಲೇ ಬಂದ ಖರ್ಚಾದ್ದರಿಂದ ಕಳೆದವಳ ಪಾಲಿಗೇ ಸೇರುತ್ತವೆ.

ಮೂರನೆಯದು, ಕಳೆದದ್ದಕ್ಕೆ ಸಮನಾದ ಚಿನ್ನವನ್ನೋ ಹಣವನ್ನೋ ಕೊಡುವುದು. ಒಂಟಿಯಾಗಿ ಉಳಿದದ್ದನ್ನು ಪದಕ ಮಾಡಿಸಿಕೊಳ್ಳುವುದೋ ಹಾಗೇ ಇಟ್ಟುಕೊಳ್ಳುವುದೋ ಒಡತಿಗೆ ಬಿಟ್ಟದ್ದು. ಒಮ್ಮೆಗೇ ಕೊಡುವ ಶಕ್ತಿ ಇಲ್ಲದವರಿಗೆ ಈ ದಾರಿ ಅನುಕೂಲ. ಉದಾಹರಣೆಗೆ, ತಿಂಗಳಿಗೊಂದು 1 ಗ್ರಾಂನ ಚಿನ್ನದ ನಾಣ್ಯ ಕೊಡುತ್ತ ಹೋಗಬಹುದು. ನಾಣ್ಯ 24 ಕ್ಯಾರೆಟ್ ಆಗಿದ್ದರೆ 22 ಕ್ಯಾರೆಟ್ಟಿನ 8 ಗ್ರಾಂಗೆ ಸಮನಾಗುವುದು ಸುಮಾರು 7.33 ಗ್ರಾಂ. ಏಳು ನಾಣ್ಯ ಕೊಟ್ಟು, ಮಿಕ್ಕ ಚೂರು ಚಿನ್ನಕ್ಕೂ ಮಜೂರಿ, ಕಲ್ಲು, ತೆರಿಗೆಗಳಿಗೂ ಕೊನೆಯಲ್ಲಿ ಹಣ ಕೊಟ್ಟರೆ ಲೆಕ್ಕ ಚುಕ್ತಾ. ಕೈಯಲ್ಲಿ ಹಣವಿಲ್ಲವೆಂಬುದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. 'ಮುಂದಿನ ವಾರ ಕೊಡ್ತೀನಿ' ಎಂದು ವಾರ ವಾರ ಮುಂದೂಡುವುದಕ್ಕಿಂತ 'ತಿಂಗಳಿಗೆ ಒಂದು ಗ್ರಾಂ ಕೊಡೋಕೆ ಆಗುತ್ತೆ, ಅದಕ್ಕಿಂತ ಹೆಚ್ಚು ಆಗಲ್ಲ' ಎಂಬ ಮಾತನ್ನು ನಂಬುವುದು ಸುಲಭ. ಕೊಟ್ಟ ತಾರೀಖು, ಗ್ರಾಂ, ಬಾಕಿ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಂಡರೆ ನೆನಪಿನ ಜಗಳ ಬರುವುದಿಲ್ಲ.

ಯಾವ ದಾರಿ ಹಿಡಿದರೂ ಗೆಳತಿಗೆ ಆ ಜುಮುಕಿ ಮತ್ತೆ ಯಾವಾಗ ಬೇಕಿತ್ತು ಎಂದು ಕೇಳಿಕೊಳ್ಳಬೇಕು. ಮುಂದಿನ ತಿಂಗಳು ಅವಳ ನಾದಿನಿಯ ಮದುವೆಯಿದ್ದರೆ ಜೋಡಿ ಮಾಡಿಸುವ ಕೆಲಸ ಅಷ್ಟರೊಳಗೆ ಮುಗಿಯುತ್ತದೆಯೇ ಎಂದು ಅಕ್ಕಸಾಲಿಗರಲ್ಲಿ ವಿಚಾರಿಸಿ, ಆಮೇಲೆ ಮಾತು ಕೊಡಬೇಕು.

'ಬೇಡ ಬಿಡು' ಎಂದರೆ

ಮೊದಲ ಸಲ ಬರುವ 'ಬೇಡ' ಬಹುಪಾಲು ದಾಕ್ಷಿಣ್ಯದ್ದು. ಅದನ್ನು ಹಿಡಿದು ನಿರಾಳವಾಗುವುದು ತಪ್ಪು. ಅಲ್ಲೇ ಹಟ ಹಿಡಿದು ಹಣ ತುರುಕುವುದೂ ಸರಿಯಲ್ಲ. 'ಯೋಚನೆ ಮಾಡು, ಮನೇಲೂ ಕೇಳು, ನಾನು ಮುಂದಿನ ವಾರ ಮತ್ತೆ ಮಾತಾಡ್ತೀನಿ' ಎಂದು ಬಂದು, ಹೇಳಿದ ಹಾಗೆ ಮತ್ತೆ ಕೇಳಬೇಕು. ಎರಡನೆಯ ಸಲ ಮೂರು ದಾರಿಗಳಲ್ಲಿ ಯಾವುದಾದೀತು ಎಂದು ಕೇಳಿದರೆ ಉತ್ತರ ಸುಲಭ. ಬೆಲೆ ಹೇಳಲು ನಾಚುವವಳೂ 'ಜೋಡಿ ಮಾಡಿಸಿಬಿಡು' ಎಂದಾಳು. ಆಗಲೂ ಬೇಡವೆಂದರೆ ಅದು ನಿಜವಾದ 'ಬೇಡ' ಎಂದು ತಿಳಿಯಬೇಕು. ಅವಳು ಅರ್ಧ ಸಾಕೆಂದರೆ ಅರ್ಧ, ಮಜೂರಿ ಸಾಕೆಂದರೆ ಮಜೂರಿ. ಬಿಟ್ಟುಕೊಡುವ ಹಕ್ಕು ಅವಳದು, ಅದನ್ನೂ ಮರ್ಯಾದೆಯಿಂದಲೇ ಸ್ವೀಕರಿಸಬೇಕು.

ಅಜ್ಜಿಯ ಕಾಲದ ಒಡವೆ, ತೀರಿಹೋದ ತಾಯಿ ಹಾಕಿಕೊಳ್ಳುತ್ತಿದ್ದ ಒಡವೆ ಕಳೆದಾಗ ಲೆಕ್ಕದ ಮಾತು ಮೊದಲ ಭೇಟಿಗೆ ಸಲ್ಲದು. ಅಂಥ ಕಡೆ ತೂಕ, ಮಜೂರಿಗಳೆಲ್ಲ ಎರಡನೆಯ ಭೇಟಿಗೆ ಇರಲಿ. ಹಳೆಯ ಫೋಟೋ ನೋಡಿ ಅದೇ ಮಾದರಿಯಲ್ಲಿ ಮಾಡಿಸಬಹುದು ಎಂದು ತೋಚಬಹುದು, ಆದರೆ ಕೇಳದೆ ಮಾಡಿಸಿ ತರಬಾರದು. ನಕಲು ಕೆಲವರಿಗೆ ಸಮಾಧಾನ ತರುತ್ತದೆ, ಕೆಲವರಿಗೆ ನೋವು ಕೆದಕುತ್ತದೆ.

ಮುರಿದದ್ದಾದರೆ

ಒಡವೆ ಕಳೆಯದೆ ಸರದ ಕೊಂಡಿ ಕಿತ್ತರೆ, ಕಲ್ಲು ಉದುರಿದರೆ, ಬಳೆ ನೆಗ್ಗಿದರೆ ಗುಟ್ಟಾಗಿ ರಿಪೇರಿ ಮಾಡಿಸಿ ಕೊಡುವ ಆಸೆ ಬರುತ್ತದೆ. ಇದು ಅಪಾಯದ ಕೆಲಸ. ಬೆಸುಗೆಯ ಶಾಖಕ್ಕೆ ಪಕ್ಕದ ಮುತ್ತು ಕಪ್ಪಾಗಬಹುದು, ಅರಗು ತುಂಬಿದ ಹಳೆಯ ಒಡವೆಯಲ್ಲಿ ಅರಗು ಕರಗಿ ಕಲ್ಲುಗಳು ಅಲುಗಾಡಬಹುದು. ಹಳೆಯ ಒಡವೆಯ ಮಾಸಲು ಬಣ್ಣವನ್ನು ಕೊಳೆಯೆಂದು ತಿಳಿದು ಉಜ್ಜಿಬಿಟ್ಟರೆ ಒಡತಿ ಇಷ್ಟಪಡುತ್ತಿದ್ದ ಕಳೆಯೇ ಹೋಗುತ್ತದೆ. ಬೆಸೆದ ಗುರುತು ಇವತ್ತಲ್ಲದಿದ್ದರೆ ನಾಳೆ ಅವಳ ಅಕ್ಕಸಾಲಿಗರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಮುರಿದ ಚೂರು, ಉದುರಿದ ಕಲ್ಲು, ತಂತಿಯ ತುಂಡು ಎಲ್ಲವನ್ನೂ ಪುಟ್ಟ ಪೊಟ್ಟಣದಲ್ಲಿ ಕಟ್ಟಿ, ಮುರಿದ ಸ್ಥಿತಿಯ ಫೋಟೋ ತೆಗೆದು, ಒಡವೆಯ ಜೊತೆಗೇ ಗೆಳತಿಗೆ ತೋರಿಸಬೇಕು. ಯಾರ ಹತ್ತಿರ ರಿಪೇರಿ ಎಂಬುದನ್ನು ಅವಳೇ ಹೇಳಲಿ, ಖರ್ಚು ಮುರಿದವಳು ಕೊಡಲಿ. ಕೊಡುವಾಗ ತೂಕ ಬರೆಸಿ, ವಾಪಸು ತರುವಾಗ ಮತ್ತೆ ತೂಗಿಸಿ ಹೋಲಿಸಬೇಕು.

ಲೆಕ್ಕ ಮುಗಿಸುವುದು

ಹೊಸ ಒಡವೆ ಅಥವಾ ನಾಣ್ಯ ಕೊಳ್ಳುವಾಗ ಬಿಲ್ಲನ್ನು ಗೆಳತಿಯ ಹೆಸರಿನಲ್ಲೇ ಹಾಕಿಸಬೇಕು. ಚಿನ್ನದ ತೂಕ, ಕಲ್ಲಿನ ತೂಕ, ಶುದ್ಧತೆ ಮತ್ತು ಮಜೂರಿ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಇರಲಿ. ಮುಂದೊಂದು ದಿನ ಅವಳು ಅದನ್ನು ಬದಲಾಯಿಸಲೋ ಅಡವಿಡಲೋ ಹೋದರೆ ಅದು ಅವಳದೆಂಬುದಕ್ಕೆ ದಾಖಲೆ ಬೇಕಾಗುತ್ತದೆ. ಒಡವೆಯನ್ನು ಕೊಟ್ಟ ಮೇಲೆ ಸಿಕ್ಕಾಗಲೆಲ್ಲ 'ನಿನ್ನ ಜುಮುಕಿ ಕಳೆದ್ಬಿಟ್ಟೆ' ಎಂದು ಹಳೆಯದನ್ನು ಎತ್ತುವುದು ಬೇಡ. ಹಾಗೆ ಹೇಳಿದಾಗಲೆಲ್ಲ 'ಪರವಾಗಿಲ್ಲ' ಎನ್ನುವ ಕೆಲಸ ಅವಳಿಗೆ ಬೀಳುತ್ತದೆ.

ಕೊನೆಯದಾಗಿ, ಕಳೆದದ್ದು ಆಮೇಲೆ ಸಿಕ್ಕರೆ ಏನು ಎಂಬುದನ್ನೂ ಲೆಕ್ಕ ಮುಗಿಸುವ ದಿನವೇ ಮಾತಾಡಿಕೊಳ್ಳಬೇಕು. ಆರು ತಿಂಗಳ ನಂತರ ಸೂಟ್‌ಕೇಸಿನ ಒಳಪದರದಲ್ಲಿ ಜುಮುಕಿ ಸಿಗುವುದುಂಟು. ಸಿಕ್ಕ ಕೂಡಲೇ ಗೆಳತಿಗೆ ತಿಳಿಸಬೇಕು, ಅದು ಮೂಲದಲ್ಲಿ ಅವಳ ಒಡವೆ. ಹಳೆಯದು ಬೇಕೆಂದರೆ ಹಳೆಯದನ್ನು ಇಟ್ಟುಕೊಂಡು ಬದಲಿಗೆ ಪಡೆದದ್ದನ್ನು ಅವಳು ಹಿಂದಿರುಗಿಸುತ್ತಾಳೆ. ಬದಲಿಯೇ ಸಾಕೆಂದರೆ ಸಿಕ್ಕಿದ್ದು ತುಂಬಿಕೊಟ್ಟವಳ ಪಾಲಾಗುತ್ತದೆ. ಆಯ್ಕೆ ಒಡತಿಯದು, ತಿಳಿಸುವ ಹೊಣೆ ಎರವಲು ಪಡೆದವಳದು.